ಅದೇ ಮೆಟ್ಟಿಲು, ಅದೇ ಸಾಲು. ಆದರೂ ಯುಗಾದಿ ಫೋಟೊ ಯಾಕೆ ಬೇರೆ ಕಾಣುತ್ತೆ?

ಪ್ರಶ್ನೆ: ಕಲಬುರಗಿಯ ನಮ್ಮ ಮನೆ ಮುಂದೆ ಪ್ರತಿ ಯುಗಾದಿಗೆ ಎಲ್ಲರೂ ಅದೇ ಮೆಟ್ಟಿಲ ಮೇಲೆ, ಅದೇ ಸಾಲಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಪಕ್ಕಪಕ್ಕ ಇಟ್ಟು ನೋಡಿದರೆ ಒಂದೊಂದು ಒಂದೊಂದು ಮನೆಯದ್ದು ಅನ್ನಿಸುತ್ತೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ನೀವು ನಿಂತ ಜಾಗ ಸರಿಯಾಗೇ ಇದೆ. ಫೋಟೊ ತೆಗೆಯುವವರು ನಿಂತ ಜಾಗ ಬದಲಾಗುತ್ತಿದೆ. ನಮ್ಮ ಮನೆಯಲ್ಲೂ ಇದೇ ಆಗಿತ್ತು.

ಒಂದು ವರ್ಷ ಕಾಕಾ ಹೊಸ ಫೋನ್ ತಂದಿದ್ದರು. ಅದರ ಲೆನ್ಸ್ ಹಳೆಯದಕ್ಕಿಂತ ಅಗಲ. ಎಲ್ಲರೂ ಚಿಕ್ಕದಾಗಿ ಕಂಡರು ಅಂತ ಕಾಕಾ 12 ಅಡಿಯಿಂದ 7 ಅಡಿಗೆ ಹತ್ತಿರ ಬಂದರು. ಮುಂದೆ ಕೂತ ಮಕ್ಕಳ ತಲೆ ದೊಡ್ಡದಾಯಿತು, ಹಿಂದೆ ನಿಂತ ಅಜ್ಜ ಕುಗ್ಗಿದರು, ಬಾಗಿಲು ಎಲ್ಲೋ ದೂರ ಹೋಯಿತು. ಮುಂದಿನದು ಎಷ್ಟು ದೊಡ್ಡದು, ಹಿಂದಿನದು ಎಷ್ಟು ಚಿಕ್ಕದು ಅನ್ನೋದನ್ನು ತೀರ್ಮಾನಿಸುವುದು ದೂರ, ಲೆನ್ಸ್ ಅಲ್ಲ. ಹೊಸ ಫೋನಲ್ಲಿ ಅಗಲ ಜಾಸ್ತಿ ಬಂದರೆ ಅಲ್ಲೇ ನಿಂತು ತೆಗೆಯಿರಿ, ಆಮೇಲೆ ಸುತ್ತ ಕತ್ತರಿಸಿ. ಹತ್ತಿರ ಹೋಗಿ ಕೆಡಿಸಿದ್ದನ್ನು ಆಮೇಲೆ ಯಾವ ಕತ್ತರಿಯೂ ಸರಿ ಮಾಡಲ್ಲ.

ದೂರ ಅಳೆಯೋಕೆ ನಮ್ಮ ಕಡೆ ಟೇಪೇ ಬೇಕಿಲ್ಲ. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಕೆಳಗಿನ ಮೆಟ್ಟಿಲಿಂದ ಎಷ್ಟನೇ ಕಲ್ಲಿನ ಸಂದಿಯಲ್ಲಿ ನಿಲ್ಲಬೇಕು ಅಂತ ಎಣಿಸಿ, ಮೊದಲ ಫೋಟೊದ ಹಿಂದೆ ಬರೆದಿಡಿ.

ಅದಕ್ಕಿಂತ ನಿಖರವಾದ ದಾರಿ ಫೋಟೊದೊಳಗೇ ಇದೆ. ಹತ್ತಿರದ್ದೊಂದು, ದೂರದ್ದೊಂದು, ಜಾಗ ಬಿಟ್ಟು ಕದಲದ ಎರಡು ವಸ್ತು ಹುಡುಕಿ. ನಮ್ಮಲ್ಲಿ ಹತ್ತಿರದ್ದು ತುಳಸಿ ಕಟ್ಟೆ, ದೂರದ್ದು ಅದರ ಹಿಂದಿನ ಕಿಟಕಿ. ಮೊದಲ ಫೋಟೊದಲ್ಲಿ ಕಟ್ಟೆಯ ಬಲ ಅಂಚು ಕಿಟಕಿಯ ಮೂರನೇ ಸರಳಿಗೆ ತಾಕಿದೆ. ಈಗಲೂ ಪರದೆಯಲ್ಲಿ ಹಾಗೇ ತಾಕಬೇಕು. ಕಟ್ಟೆ ಎರಡನೇ ಸರಳಿನ ಕಡೆ, ಅಂದ್ರೆ ಎಡಕ್ಕೆ ಸರಿದಂತೆ ಕಂಡರೆ ನೀವು ಬಲಕ್ಕೆ ಬಂದಿದ್ದೀರಿ, ಎಡಕ್ಕೆ ಹೋಗಿ. ಎತ್ತರವನ್ನೂ ಹೀಗೇ ನೋಡಬಹುದು. ಕಟ್ಟೆಯ ತುದಿ ಕಿಟಕಿಗಿಂತ ಮೊದಲಿಗಿಂತ ಕೆಳಗೆ ಇಳಿದಂತೆ ಕಂಡರೆ ಫೋನ್ ಮೇಲೆ ಹಿಡಿದಿದ್ದೀರಿ ಅಂತ ಅರ್ಥ. ನಾವು ನೆಲದಿಂದ 4 ಅಡಿಗೆ ಹಿಡಿಯುತ್ತೇವೆ. ಹೂಕುಂಡ, ಬೈಕು, ಬೇವಿನ ಕೊಂಬೆ ಗುರುತಿಗೆ ಬೇಡ.

ಇನ್ನು ಬೆಳಕು. ಯುಗಾದಿ ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತೆ, ಅದಕ್ಕೇ ಬಿಸಿಲು ಬದಲಾಗುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9. ಆದರೆ ಕಲಬುರಗಿಯಲ್ಲಿ ಈ ಎರಡು ದಿನಗಳ ಸೂರ್ಯಾಸ್ತದಲ್ಲಿ ಮೂರ್ನಾಲ್ಕು ನಿಮಿಷವಷ್ಟೇ ವ್ಯತ್ಯಾಸ. ಫೋಟೊ ಕೆಡಿಸುವುದು ಗಂಟೆ. ಒಂದು ವರ್ಷ ಬೇವು ಕುಡಿದ ಕೂಡಲೇ ಬೆಳಿಗ್ಗೆ, ಇನ್ನೊಂದು ವರ್ಷ ಹೋಳಿಗೆ ಊಟ ಮುಗಿಸಿ ಅಂತಾದರೆ ಹೇಗೆ ಒಂದೇ ಥರ ಬರುತ್ತೆ?

ನಮ್ಮದು ಪೂರ್ವದ ಬಾಗಿಲು. ಬೆಳಿಗ್ಗೆ ಬಿಸಿಲು ನೇರ ಕಣ್ಣಿಗೆ, ಎಲ್ಲರೂ ಮುಖ ಕಿವುಚಿಕೊಂಡಿರುತ್ತಾರೆ. ಮಧ್ಯಾಹ್ನದ ಮೇಲೆ ಮನೆಯ ನೆರಳು ಅಂಗಳಕ್ಕೆ ಬೀಳುತ್ತೆ. ಮೊದಲು ಸಂಜೆ 4ಕ್ಕೆ ತೆಗೆದೆವು. ಜನ ನೆರಳಲ್ಲಿದ್ದರು, ಆದರೆ 12 ಅಡಿ ಗೋಡೆಯ ಮೇಲಿಂದ ಸೂರ್ಯ ಸೀದಾ ಲೆನ್ಸಿಗೆ ಬಿದ್ದ. ಇಡೀ ಚಿತ್ರದ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಬಿಳುಪು. 5ಕ್ಕೆ ಫೋನ್ ಹಿಡಿದವರೂ ನೆರಳೊಳಗೆ ಬಂದರು. ಆಕಾಶದ ಬೆಳಕು ಎಲ್ಲರ ಮುಖಕ್ಕೂ ಸಮ. ಅಂದಿನಿಂದ ಯುಗಾದಿಯ 5 ಗಂಟೆ ಖಾಯಂ. ಪರದೆಯಲ್ಲಿ ಮಾಳಿಗೆ ಮೇಲಿನ ಆಕಾಶ ಬರಬಾರದು, ಬಂದರೆ ಮುಖ ಕಪ್ಪಾಗುತ್ತೆ. ಪಶ್ಚಿಮದ ಬಾಗಿಲಾದರೆ ಬೆಳಿಗ್ಗೆ 8ರ ಸುಮಾರಿಗೆ ಇದೇ ಬೆಳಕು ಸಿಗುತ್ತೆ. ದೀಪಾವಳಿ ಫೋಟೊ ಆದರೆ ಸೂರ್ಯ 6ರೊಳಗೆ ಮುಳುಗುವುದರಿಂದ ಪೂರ್ವದ ಬಾಗಿಲಿಗೆ ನಾಲ್ಕೂಕಾಲು ಸಾಕು.

ಸಾಲಿನ ಬಗ್ಗೆ ಒಂದೇ ಮಾತು. ಮೊದಲ ವರ್ಷವೇ ಎರಡೂ ಬದಿಗೆ ಒಬ್ಬೊಬ್ಬರು ನಿಲ್ಲುವಷ್ಟು ಜಾಗ ಬಿಡಿ. ಸೊಸೆ ಬರುತ್ತಾಳೆ, ಅಳಿಯ ಬರುತ್ತಾನೆ. ಹೊಸಬರು ಬದಿಗೆ ಸೇರಲಿ, ಹಳಬರು ತಮ್ಮ ಕಲ್ಲು ಬಿಡದಿರಲಿ.

ಹೋಲಿಸುವಾಗ ಹೋದ ವರ್ಷದ ಫೋಟೊ ಹಿಡಿಯಬೇಡಿ. ಅದರಲ್ಲಿ ಅರ್ಧ ಅಡಿ ತಪ್ಪಿದ್ದರೆ ಈ ವರ್ಷ ಒಂದಡಿ ಆಗುತ್ತೆ. ಹತ್ತು ವರ್ಷಕ್ಕೆ ಮನೆಯ ಇನ್ನೊಂದು ಮೂಲೆಗೆ ಹೋಗಿರುತ್ತೀರಿ. ಯಾವತ್ತೂ ಮೊದಲ ವರ್ಷದ ಪ್ರಿಂಟೇ ಕೈಯಲ್ಲಿರಲಿ. ನಮ್ಮದರಲ್ಲಿ ಮೇಲಿನ ಮೆಟ್ಟಿಲ ನಡುವೆ ಅಜ್ಜಿ ಕೂತಿದ್ದಾರೆ. ಈಗ ಅವರಿಲ್ಲ. ಆ ಕಲ್ಲನ್ನು ಖಾಲಿ ಬಿಟ್ಟೇ ನಾವು ಎರಡೂ ಕಡೆ ನಿಲ್ಲುತ್ತೇವೆ.