ಬ್ರೋಕನ್ ವಿಂಗ್ ಬಟರ್‌ಫ್ಲೈ: ಮೇಲಿನ ರಿಸ್ಕ್ ಎಲ್ಲಿಗೆ ಹೋಯ್ತು?

ಮಡಿಕೇರಿಯಲ್ಲಿ ಒಟ್ಟಿಗೆ ಆಪ್ಷನ್ ಕಲಿಯುತ್ತಿರುವ ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಅದಕ್ಕೇ ಒಂದೇ ಲೆಕ್ಕ ಹಿಡಿದು ನಿಧಾನವಾಗಿ ನೋಡೋಣ. ಪ್ರೀಮಿಯಂಗಳು ಉದಾಹರಣೆಗೆ ಮಾತ್ರ.

ನಿಫ್ಟಿ 25000ದಲ್ಲಿದೆ, ಎಕ್ಸ್‌ಪೈರಿಗೆ ಏಳು ದಿನ ಇದೆ. 24900 ಪುಟ್ 120ಕ್ಕೆ ಒಂದು ಕೊಳ್ಳುತ್ತೇವೆ. 24800 ಪುಟ್ 84ಕ್ಕೆ ಎರಡು ಮಾರುತ್ತೇವೆ. 24700 ಪುಟ್ 57ಕ್ಕೆ ಒಂದು ಕೊಳ್ಳುತ್ತೇವೆ. ಇದು ಮಾಮೂಲಿ ಬಟರ್‌ಫ್ಲೈ. ಕೈಯಿಂದ 9 ಪಾಯಿಂಟ್ ಹೋಗುತ್ತದೆ. ಮಾರ್ಕೆಟ್ ತುಂಬಾ ಏರಿದರೂ ತುಂಬಾ ಇಳಿದರೂ ನಷ್ಟ ಆ 9 ಮಾತ್ರ.

ಈಗ ಕೊನೆಯ ಪುಟ್ ಅನ್ನು 24700ರ ಬದಲು 24600ರಲ್ಲಿ, 37ಕ್ಕೆ ಕೊಳ್ಳೋಣ. ಇದೇ ಬ್ರೋಕನ್ ವಿಂಗ್. ಇಪ್ಪತ್ತು ಪಾಯಿಂಟ್ ಉಳಿಯಿತು. ಹಾಗಾಗಿ 9 ಕೊಡುವ ಬದಲು 11 ಪಾಯಿಂಟ್ ಕ್ರೆಡಿಟ್ ಕೈಗೆ ಬರುತ್ತದೆ. ನಿಫ್ಟಿ 24900ರ ಮೇಲೆ ಮುಗಿದರೆ ಎಲ್ಲಾ ಪುಟ್‌ಗಳೂ ಸೊನ್ನೆ, 11 ನಮ್ಮದೇ. ಮೇಲುಗಡೆ ನಷ್ಟವೇ ಇಲ್ಲ. ಆದರೆ 24600ರ ಕೆಳಗೆ ಮುಗಿದರೆ ನಷ್ಟ 9 ಅಲ್ಲ, 89. ರಿಸ್ಕ್ ಮಾಯವಾಗಿಲ್ಲ, ಕೆಳಗಡೆ ಹೋಗಿ ಕೂತಿದೆ ಅಷ್ಟೇ. ಅತಿ ಹೆಚ್ಚಿನ ಲಾಭ 24800ರಲ್ಲಿ ಮುಗಿದಾಗ, 111. ಬ್ರೇಕ್ ಈವನ್ 24689. ಒಂದು ಪೂರ್ತಿ ನಷ್ಟವನ್ನು ಬರೀ ಕ್ರೆಡಿಟ್‌ನಿಂದ ತುಂಬಲು ಎಂಟಕ್ಕಿಂತ ಜಾಸ್ತಿ ಗೆಲುವು ಬೇಕು. ಹಾಗಾಗಿ ಇದನ್ನು 'ಸುಮ್ನೆ ಬರುವ ದುಡ್ಡು' ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಇನ್ನೊಂದು ವಿಷಯ ಪೇಆಫ್ ಚಿತ್ರದಲ್ಲಿ ಕಾಣುವುದಿಲ್ಲ. ಆ ಚಿತ್ರ ಎಕ್ಸ್‌ಪೈರಿ ದಿನದ್ದು. ಎರಡೇ ದಿನದಲ್ಲಿ ನಿಫ್ಟಿ 24800ಕ್ಕೆ ಇಳಿಯಿತು ಅಂದುಕೊಳ್ಳಿ. ಲಾಭದ ತುದಿಗೇ ಬಂದಿದೆ, ಅಲ್ವಾ? ವೊಲಟಿಲಿಟಿ ಬದಲಾಗದಿದ್ದರೂ ಆ ಹೊತ್ತಿಗೆ ಪುಟ್‌ಗಳ ಬೆಲೆ ಸುಮಾರು 196, 140, 62 ಆಗಿರುತ್ತದೆ. ಕ್ಲೋಸ್ ಮಾಡಲು 22 ಕೊಡಬೇಕು. ಬಂದಿದ್ದ 11 ಕಳೆದರೂ 11 ನಷ್ಟ. ಬೀಳುವ ಮಾರ್ಕೆಟ್‌ನಲ್ಲಿ ವೊಲಟಿಲಿಟಿ ಸಾಮಾನ್ಯವಾಗಿ ಏರುವುದರಿಂದ ನಷ್ಟ ಇನ್ನೂ ಜಾಸ್ತಿ ಕಾಣಬಹುದು. ಈ ಟ್ರೇಡ್‌ಗೆ ನಿಧಾನವಾದ ಇಳಿತ ಬೇಕು. ಮೊದಲ ದಿನಗಳಲ್ಲೇ ಜೋರಾಗಿ ಬಿದ್ದರೆ, ಕೊನೆಗೆ ಸರಿಹೋಗುತ್ತದೆ ಅಂತ ಕಾಯದೆ ಹೊರಬರುವ ಮಟ್ಟವನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಆರ್ಡರ್ ಹಾಕುವಾಗ ಎರಡು ಪುಟ್‌ಗಳನ್ನೂ ಮೊದಲು ಕೊಳ್ಳಿ, ಆಮೇಲೆ ಮಾರಿ. ಮಾರ್ಜಿನ್ ಕಡಿಮೆ ಬೀಳುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಯಾವಾಗ ಹೋಗುತ್ತೋ ಹೇಳಲಾಗದು. ಕೊಳ್ಳುವ ಮೊದಲೇ ಮಾರಿ, ಆಮೇಲೆ ನೆಟ್‌ವರ್ಕ್ ಹೋದರೆ ಕೆಳಗಿನ ರಕ್ಷಣೆ ಇಲ್ಲದೆ ನಿಲ್ಲಬೇಕಾಗುತ್ತದೆ. ಮೊದಲೇ ಕೊಂಡಿದ್ದರೆ ಕೊಟ್ಟ ಪ್ರೀಮಿಯಂಗಿಂತ ಹೆಚ್ಚು ಹೋಗುವುದಿಲ್ಲ.

ಲಾಟ್ 65 ಆದರೆ 11 ಪಾಯಿಂಟ್ ಅಂದರೆ 715 ರೂಪಾಯಿ. ಬ್ರೋಕರೇಜ್, ಎಸ್‌ಟಿಟಿ ಅದರಲ್ಲೇ ಹೋಗಬೇಕು. ಪ್ರತಿ ಸ್ಟ್ರೈಕ್‌ನಲ್ಲಿ ಬಿಡ್-ಆಸ್ಕ್ ಅಂತರ ಎರಡು ಪಾಯಿಂಟ್ ತಿಂದರೂ ಕ್ರೆಡಿಟ್ 3ಕ್ಕೆ ಇಳಿಯುತ್ತದೆ, ಯಾಕೆಂದರೆ ಮಧ್ಯದ ಪುಟ್ ಎರಡಿದೆ. ಲಿಮಿಟ್ ಆರ್ಡರ್‌ನಲ್ಲಿ ಬೇಕಾದ ಕ್ರೆಡಿಟ್ ಸಿಗದಿದ್ದರೆ ಆ ವಾರ ಬಿಟ್ಟುಬಿಡಿ.