ಮೂರನೇ ದಿನದ ಮಾತ್ರೆ

ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ 62 ವರ್ಷದ ಒಬ್ಬ ರೈತರು ಇದ್ದಾರೆ ಅಂದುಕೊಳ್ಳಿ. ರಂಗಪ್ಪ ಅಂತ ಕರೆಯೋಣ. ಎರಡು ದಿನದ ಹಿಂದೆ ಬಂದಾಗ 103 ಡಿಗ್ರಿ ಜ್ವರ, ಏದುಸಿರು, ವಾಂತಿ. ಎಕ್ಸ್‌ರೇಯಲ್ಲಿ ಬಲಗಡೆ ಶ್ವಾಸಕೋಶದ ಕೆಳಭಾಗ ಬೆಳ್ಳಗೆ ಕಾಣುತ್ತಿತ್ತು. ನ್ಯುಮೋನಿಯಾ. ಇವತ್ತು ಮೂರನೇ ದಿನ. ಎದ್ದು ಕೂತು ಎರಡು ಇಡ್ಲಿ ತಿಂದಿದ್ದಾರೆ, ಕಾಫಿ ಕೇಳುತ್ತಿದ್ದಾರೆ. ರೌಂಡ್ಸಿಗೆ ಬಂದ ಡಾಕ್ಟರು ಚಾರ್ಟ್ ನೋಡಿ, "ಇವತ್ತಿಂದ ಇಂಜೆಕ್ಷನ್ ನಿಲ್ಲಿಸಿ ಮಾತ್ರೆ ಶುರು ಮಾಡೋಣ" ಅನ್ನುತ್ತಾರೆ.

ಮಗನ ಮುಖ ಸಪ್ಪೆಯಾಗುತ್ತದೆ. "ಸಾರ್, ಈಗಷ್ಟೇ ಜ್ವರ ಇಳಿದಿದೆ. ಇನ್ನೆರಡು ದಿನ ಇಂಜೆಕ್ಷನ್ನೇ ಹಾಕಿಬಿಡಿ ಸಾರ್. ದುಡ್ಡಿನ ಯೋಚನೆ ಮಾಡಬೇಡಿ."

ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅಪ್ಪನ ಮೇಲಿನ ಪ್ರೀತಿಯಿಂದ ಬರುವ ಮಾತು ಅದು. ಅದರ ಹಿಂದೆ ಒಂದು ನಂಬಿಕೆಯೂ ಇದೆ: ಇಂಜೆಕ್ಷನ್ ಅಂದರೆ ಸ್ಟ್ರಾಂಗು, ಮಾತ್ರೆ ಅಂದರೆ ವೀಕು. ಮೊದಲ ದಿನದ ಮಟ್ಟಿಗೆ ಈ ನಂಬಿಕೆ ನಿಜ. ಮೂರನೇ ದಿನಕ್ಕೆ ಅದು ಯಾಕೆ ನಿಜವಲ್ಲ ಅನ್ನುವುದೇ ಇಲ್ಲಿ ನೋಡಬೇಕಾದ ವಿಷಯ.

ಸೋಂಕು ಜೋರಾಗಿದ್ದಾಗ ದೇಹ ರಕ್ತವನ್ನು ಮಿದುಳಿಗೆ, ಹೃದಯಕ್ಕೆ ಮೊದಲು ಕಳಿಸುತ್ತದೆ. ಕರುಳಿಗೆ ಸಿಗುವ ಪಾಲು ಕಡಿಮೆಯಾಗುತ್ತದೆ. ಜೊತೆಗೆ ವಾಂತಿ ಬೇರೆ. ಆಗ ನುಂಗಿದ ಮಾತ್ರೆ ಎಷ್ಟು ಒಳಗೆ ಉಳಿಯಿತು, ಎಷ್ಟು ರಕ್ತಕ್ಕೆ ಸೇರಿತು ಅಂತ ಯಾರೂ ಹೇಳಲಾರರು. ಅದಕ್ಕೇ ರಂಗಪ್ಪನವರಿಗೆ ಬಂದ ಕೂಡಲೇ ರಕ್ತನಾಳಕ್ಕೆ ಸೆಫ್ಟ್ರಿಯಾಕ್ಸೋನ್ ಕೊಟ್ಟರು. ಹಾಕಿದ ಔಷಧ ಅಷ್ಟೂ ನಿಮಿಷಗಳಲ್ಲಿ ರಕ್ತದಲ್ಲಿರುತ್ತದೆ. ಜೊತೆಗೆ ಅಜಿಥ್ರೊಮೈಸಿನ್, ದಿನಕ್ಕೊಂದರಂತೆ ಮೂರು ದಿನ.

ಈಗ ಇಡ್ಲಿ ತಿಂದು ಅರಗಿಸಿಕೊಳ್ಳುತ್ತಿದ್ದಾರೆ ಅಂದರೆ ಕರುಳು ಮತ್ತೆ ಕೆಲಸಕ್ಕೆ ಇಳಿದಿದೆ ಅಂತ ಅರ್ಥ. ಅನ್ನ ಹೀರಿಕೊಳ್ಳುವ ಕರುಳು ಮಾತ್ರೆಯನ್ನೂ ಹೀರಿಕೊಳ್ಳುತ್ತದೆ. ಶ್ವಾಸಕೋಶದಲ್ಲಿ ಕೂತಿರುವ ಬ್ಯಾಕ್ಟೀರಿಯಾಕ್ಕೆ ಔಷಧ ಕೈಯ ನಾಳದಿಂದ ಬಂತೋ ಬಾಯಿಂದ ಬಂತೋ ಗೊತ್ತಾಗುವುದಿಲ್ಲ. ಅದನ್ನು ತಡೆಯಲು ಬೇಕಾದಷ್ಟು ಔಷಧ, ಬೇಕಾದಷ್ಟು ಹೊತ್ತು ಅಲ್ಲಿಗೆ ತಲುಪುತ್ತಿರಬೇಕು. ಲೆವೊಫ್ಲಾಕ್ಸಸಿನ್, ಲಿನೆಜೊಲಿಡ್, ಮೆಟ್ರೊನಿಡಜೋಲ್‌ನಂಥ ಔಷಧಗಳನ್ನು ನುಂಗಿದರೆ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತವೆ. ಊಟ ಮಾಡುತ್ತಿರುವ ರೋಗಿಗೆ ಮೆಟ್ರೊನಿಡಜೋಲ್ ಬಾಟಲಿ ನೇತುಹಾಕಿರುವುದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಅದೇ ಔಷಧ, ಅಷ್ಟೇ ಪ್ರಮಾಣ, ಆದರೆ ಕೈಗೊಂದು ಸೂಜಿ ಜಾಸ್ತಿ.

ರಂಗಪ್ಪನವರ ವಿಷಯ ಅಷ್ಟು ಸಲೀಸಲ್ಲ. ಸೆಫ್ಟ್ರಿಯಾಕ್ಸೋನ್ ಮಾತ್ರೆ ಅಂತ ಒಂದು ಇಲ್ಲವೇ ಇಲ್ಲ. ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಹಾಗಾಗಿ ಬೇರೆ ಔಷಧ ಆರಿಸಬೇಕು. ಎಡವುವುದು ಇಲ್ಲೇ.

ನಮ್ಮಲ್ಲಿ ಬಹಳ ಕಡೆ ಸೆಫ್ಟ್ರಿಯಾಕ್ಸೋನ್ ನಿಲ್ಲಿಸಿದ ಕೂಡಲೇ ಸೆಫಿಕ್ಸಿಮ್ ಮಾತ್ರೆ ಬರೆಯುವ ರೂಢಿ ಇದೆ. ಎರಡೂ ಒಂದೇ ಕುಟುಂಬದ, ಒಂದೇ ತಲೆಮಾರಿನ ಔಷಧಗಳು. ಆದರೆ ಸೆಫಿಕ್ಸಿಮ್ ನುಂಗಿದರೆ ರಕ್ತಕ್ಕೆ ಸೇರುವುದು ಅರ್ಧದಷ್ಟೋ ಅದಕ್ಕಿಂತ ಕಡಿಮೆಯೋ. ಅದಕ್ಕಿಂತ ಮುಖ್ಯವಾಗಿ, ಇಂಥ ನ್ಯುಮೋನಿಯಾ ತರುವ ದೊಡ್ಡ ಖಳ ನ್ಯುಮೊಕಾಕಸ್ ಅನ್ನುವ ಬ್ಯಾಕ್ಟೀರಿಯಾ. ಅದರ ಮೇಲೆ ಸೆಫಿಕ್ಸಿಮ್‌ನ ಹಿಡಿತ ಅಮಾಕ್ಸಿಸಿಲಿನ್‌ಗಿಂತ ಕಡಿಮೆ. ತಲೆಮಾರು ಒಂದೇ ಅಂದಮಾತ್ರಕ್ಕೆ ಅಣ್ಣನ ಕೆಲಸ ತಮ್ಮ ಮಾಡುವುದಿಲ್ಲ.

ಹಾಗಾದರೆ ಪೂರ್ತಿ ಹೀರಿಕೆಯಾಗುವ ಲೆವೊಫ್ಲಾಕ್ಸಸಿನ್ ಕೊಡಬಹುದಲ್ವಾ? ನ್ಯುಮೊಕಾಕಸ್ ಮೇಲೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದು ಕ್ಷಯದ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತದೆ, ಅದೂ ಅರ್ಧಂಬರ್ಧ. ಕ್ಷಯ ಇಷ್ಟು ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ, ನ್ಯುಮೋನಿಯಾ ಅಂತ ತಿಳಿದಿದ್ದು ಕ್ಷಯವೇ ಆಗಿದ್ದರೆ ಒಂದು ವಾರ ಎಲ್ಲ ವಾಸಿಯಾದಂತೆ ಕಾಣುತ್ತದೆ. ಕಫದ ಪರೀಕ್ಷೆಯಲ್ಲೂ ಸಿಗದೆ ಹೋಗಬಹುದು. ಮೇಲಾಗಿ, ಔಷಧಕ್ಕೆ ಬಗ್ಗದ ಕ್ಷಯಕ್ಕೆ ಬೇಕಾಗುವ ಒಂದು ಒಳ್ಳೆಯ ಅಸ್ತ್ರ ಸುಮ್ನೆ ಮೊಂಡಾಗುತ್ತದೆ. ಹಾಗಾಗಿ ರಂಗಪ್ಪನವರಿಗೆ ಸರಿಯಾದ ಮಾತ್ರೆ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆ್ಯಸಿಡ್ ಇರುವ 625 ಮಿಲಿಗ್ರಾಂನದು. ದಿನಕ್ಕೆ ಮೂರು.

"ಇಂಜೆಕ್ಷನ್ ದಿನಕ್ಕೊಂದೇ ಇತ್ತು, ಮಾತ್ರೆ ಯಾಕೆ ಮೂರು?" ಮಗ ಕೇಳುತ್ತಾನೆ. ಒಳ್ಳೆಯ ಪ್ರಶ್ನೆ. ಸೆಫ್ಟ್ರಿಯಾಕ್ಸೋನ್ ರಕ್ತದ ಪ್ರೋಟೀನಿಗೆ ಅಂಟಿಕೊಂಡು ನಿಧಾನಕ್ಕೆ ಹೊರಹೋಗುತ್ತದೆ. ಅದರ ಮಟ್ಟ ಅರ್ಧಕ್ಕೆ ಇಳಿಯಲು ಸುಮಾರು ಎಂಟು ಗಂಟೆ ಬೇಕು. ಅಮಾಕ್ಸಿಸಿಲಿನ್ ಮಟ್ಟ ಹೆಚ್ಚುಕಡಿಮೆ ಗಂಟೆಗೊಮ್ಮೆ ಅರ್ಧವಾಗುತ್ತದೆ. ಈ ಬಗೆಯ ಔಷಧಗಳಿಗೆ ಒಂದೇ ಸಲ ಜೋರಾಗಿ ಹೊಡೆಯುವುದಕ್ಕಿಂತ, ಬ್ಯಾಕ್ಟೀರಿಯಾವನ್ನು ತಡೆಯುವ ಕನಿಷ್ಠ ಮಟ್ಟದ ಮೇಲೆ ಸಾಕಷ್ಟು ಹೊತ್ತು ಉಳಿಯುವುದು ಮುಖ್ಯ. ಎಂಟು ಗಂಟೆಗೊಂದು ಮಾತ್ರೆ ಬಿದ್ದರೆ ಪ್ರತಿ ಎಂಟರಲ್ಲಿ ಮೂರ್ನಾಲ್ಕು ಗಂಟೆಯಾದರೂ ಆ ಮಟ್ಟ ಸಿಗುತ್ತದೆ, ಅಷ್ಟು ಸಾಕು. ಹೊಲಕ್ಕೆ ಹೋಗಿದ್ದೆ ಅಂತ ಮಧ್ಯಾಹ್ನದ್ದು ಬಿಟ್ಟರೆ ಹದಿನಾರು ಗಂಟೆಗೆ ಒಂದೇ ಮಾತ್ರೆಯಾಯಿತು. ಅದರಲ್ಲಿ ಹನ್ನೆರಡು ಗಂಟೆ ಬ್ಯಾಕ್ಟೀರಿಯಾಕ್ಕೆ ಬಿಡುವು.

ಈಗ ಆ ಚಾರ್ಟಿಗೆ ಬರೋಣ. ಡಾಕ್ಟರು ಅದರಲ್ಲಿ ನೋಡಿದ್ದೇನು? 1998ರಲ್ಲಿ ಅಮೆರಿಕದಲ್ಲಿ ನ್ಯುಮೋನಿಯಾ ರೋಗಿಗಳನ್ನು ದಿನದಿನವೂ ಅಳೆದು, ಯಾವಾಗ ಅಪಾಯ ಕಳೆಯುತ್ತದೆ ಅಂತ ನೋಡಿದ ಒಂದು ಅಧ್ಯಯನ ಪ್ರಕಟವಾಯಿತು. ಅಲ್ಲಿಂದ ಬಂದ ಗುರುತುಗಳನ್ನು ಇವತ್ತಿಗೂ ಬಳಸುತ್ತೇವೆ. ಜ್ವರ 100 ಡಿಗ್ರಿ ಫ್ಯಾರನ್‌ಹೀಟ್ ಒಳಗಿರಬೇಕು. ನಾಡಿ ನಿಮಿಷಕ್ಕೆ 100ರ ಒಳಗೆ, ಉಸಿರು 24ರ ಒಳಗೆ. ಮೇಲಿನ ಬಿಪಿ 90ಕ್ಕಿಂತ ಕಡಿಮೆ ಇರಬಾರದು, ಆಮ್ಲಜನಕ ಶೇ. 90ಕ್ಕಿಂತ ಕೆಳಗಿರಬಾರದು. ಬುದ್ಧಿ ಸ್ಥಿಮಿತದಲ್ಲಿರಬೇಕು, ಬಾಯಲ್ಲಿ ಆಹಾರ ಹೋಗಬೇಕು. ಜ್ವರ, ಉಸಿರು, ಆಮ್ಲಜನಕ ಈ ಮಟ್ಟಕ್ಕೆ ಬರಲು ಅರ್ಧದಷ್ಟು ರೋಗಿಗಳಿಗೆ ಮೂರು ದಿನ ಸಾಕಾಗಿತ್ತು. ಸ್ಥಿರವಾದ ಮೇಲೆ ಮತ್ತೆ ಗಂಭೀರವಾಗಿ ಹದಗೆಟ್ಟವರು ನೂರಕ್ಕೆ ಒಬ್ಬರು ಅಥವಾ ಅದಕ್ಕೂ ಕಡಿಮೆ.

ಇದರಲ್ಲಿ ಒಂದು ಮೋಸ ಇದೆ. ಪ್ಯಾರಸಿಟಮಾಲ್. ನಮ್ಮ ವಾರ್ಡುಗಳಲ್ಲಿ ಜ್ವರ ಇರಲಿ ಬಿಡಲಿ, ಆರು ಗಂಟೆಗೊಮ್ಮೆ ಅದನ್ನು ಕೊಡುತ್ತಲೇ ಇರುತ್ತಾರೆ. ಆಗ ಚಾರ್ಟಿನಲ್ಲಿ ಕಾಣುವ 99 ಡಿಗ್ರಿ ಆ್ಯಂಟಿಬಯೋಟಿಕ್‌ನ ಗೆಲುವೋ ಪ್ಯಾರಸಿಟಮಾಲ್‌ನ ಮುಸುಕೋ ಗೊತ್ತಾಗುವುದಿಲ್ಲ. ರಂಗಪ್ಪನವರಿಗೆ ಹಿಂದಿನ ದಿನ ಬೆಳಿಗ್ಗೆಯೇ ಅದನ್ನು ನಿಲ್ಲಿಸಿದ್ದರು. ಆಮೇಲಿನ ಇಪ್ಪತ್ತನಾಲ್ಕು ಗಂಟೆ ಜ್ವರ 99.4 ದಾಟಿಲ್ಲ. ನಾಡಿ 88, ಉಸಿರು 20. ಜ್ವರ ಇಳಿದಂತೆ ಕಂಡರೂ ನಾಡಿ 115ರಲ್ಲೇ ಓಡುತ್ತಿದ್ದರೆ ನಾನು ಮಾತ್ರೆಗೆ ಒಪ್ಪುತ್ತಿರಲಿಲ್ಲ.

"ಆದರೂ ಎರಡು ದಿನ ಜಾಸ್ತಿ ಹಾಕಿದರೆ ನಷ್ಟವೇನು?" ನಷ್ಟ ಅವರ ಎಡಗೈಯಲ್ಲೇ ಇದೆ. ಕ್ಯಾನುಲಾ ಅಂದರೆ ಚರ್ಮದಿಂದ ನೇರ ರಕ್ತಕ್ಕೆ ತೆರೆದಿಟ್ಟ ಬಾಗಿಲು. ಒಂದೊಂದು ದಿನ ಕಳೆದಂತೆ ನಾಳ ಕೆಂಪಾಗಿ, ನೋವಾಗಿ, ಮುಟ್ಟಿದರೆ ಹಗ್ಗದಂತೆ ಗಟ್ಟಿಯಾಗುವ ಸಾಧ್ಯತೆ ಹೆಚ್ಚುತ್ತದೆ. ಕೆಲವೊಮ್ಮೆ ಚರ್ಮದ ಮೇಲಿನ ಸ್ಟೆಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಆ ದಾರಿಯಲ್ಲೇ ರಕ್ತಕ್ಕೆ ಇಳಿಯುತ್ತದೆ. ಅದು ಬಂದ ನ್ಯುಮೋನಿಯಾಕ್ಕಿಂತ ಕೆಟ್ಟ ಕಾಯಿಲೆ. ಐದನೇ ದಿನ ಮತ್ತೆ ಜ್ವರ ಬಂದಾಗ ಎಲ್ಲರೂ ಎದೆಯ ಎಕ್ಸ್‌ರೇ ನೋಡುತ್ತಾರೆ. ಮೊದಲು ಬ್ಯಾಂಡೇಜ್ ಬಿಚ್ಚಿ ಕೈ ನೋಡಬೇಕು.

ಹಾಗಂತ ಜ್ವರ ಇಳಿದ ಎಲ್ಲರಿಗೂ ಮೂರನೇ ದಿನಕ್ಕೆ ಮಾತ್ರೆ ಅಂತ ಅಲ್ಲ. ಮೆನಿಂಜೈಟಿಸ್ ಆಗಿದ್ದರೆ ಮಿದುಳಿನ ಸುತ್ತಲಿನ ದ್ರವದಲ್ಲಿ ಬೇಕಾದ ಮಟ್ಟ ಮಾತ್ರೆಯಿಂದ ಸಿಗುವುದು ಕಷ್ಟ. ರಕ್ತದಲ್ಲಿ ಸ್ಟೆಫೈಲೊಕಾಕಸ್ ಬೆಳೆದಿದ್ದರೆ, ಎಲ್ಲೋ ಕೀವು ನಿಂತಿದ್ದರೆ, ಪಾರ್ಶ್ವವಾಯುವಿನಿಂದ ನುಂಗಲು ಆಗದಿದ್ದರೆ ಅವಸರ ಸಲ್ಲದು. ಆದರೂ ಈ ಗೆರೆ ನಿಧಾನಕ್ಕೆ ಸರಿಯುತ್ತಿದೆ. ಮೂಳೆ ಮತ್ತು ಕೀಲಿನ ಸೋಂಕಿಗೆ ಆರು ವಾರ ಇಂಜೆಕ್ಷನ್ ಬೇಕೇ ಬೇಕು ಅಂತ ನಾವೆಲ್ಲ ಓದಿದ್ದೆವು. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಓವಿವಾ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ಇಂಥ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲ ವಾರದೊಳಗೇ ಮಾತ್ರೆ ಶುರುವಾಯಿತು. ವರ್ಷದ ಕೊನೆಗೆ ಚಿಕಿತ್ಸೆ ಸೋತಿದ್ದು ಇಂಜೆಕ್ಷನ್ ಗುಂಪಿನಲ್ಲಿ ಶೇ. 14.6, ಮಾತ್ರೆ ಗುಂಪಿನಲ್ಲಿ ಶೇ. 13.2. ಮಾತ್ರೆ ಹಿಂದೆ ಬೀಳಲಿಲ್ಲ.

ರಂಗಪ್ಪನವರಿಗೆ ನಿನ್ನೆಯ ಇಂಜೆಕ್ಷನ್ ಬೆಳಿಗ್ಗೆ ಹತ್ತಕ್ಕೆ ಹಾಕಿದ್ದರು. ಇವತ್ತು ಹತ್ತಕ್ಕೆ, ಮುಂದಿನ ಡೋಸ್ ಬೀಳಬೇಕಾದ ಹೊತ್ತಿಗೇ, ಮೊದಲ ಮಾತ್ರೆ. ನಡುವೆ ಖಾಲಿ ಬಿಡುವುದಿಲ್ಲ. ಊಟದ ಮೊದಲ ತುತ್ತಿನ ಜೊತೆ ತೆಗೆದುಕೊಂಡರೆ ಹೊಟ್ಟೆ ಕೆಡುವುದು ಕಡಿಮೆ, ಕ್ಲಾವುಲಾನಿಕ್ ಆ್ಯಸಿಡ್ ಕೂಡ ಚೆನ್ನಾಗಿ ಹೀರಿಕೆಯಾಗುತ್ತದೆ. ಸ್ವಲ್ಪ ಭೇದಿ ಆಗಬಹುದು ಅಂತ ಮೊದಲೇ ಹೇಳಿದರೆ ಹೆದರಿ ನಿಲ್ಲಿಸುವುದಿಲ್ಲ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ನರ್ಸಿಗೆ ಹೇಳಬೇಕು, ಆ ಡೋಸ್ ಲೆಕ್ಕಕ್ಕಿಲ್ಲ.

ಮಾತ್ರೆ ಶುರು ಮಾಡಿ ಒಂದು ರಾತ್ರಿ ವಾರ್ಡಿನಲ್ಲೇ ಇಟ್ಟುಕೊಂಡು ನೋಡುವುದು ಹಳೆಯ ಪದ್ಧತಿ. ಅದರಿಂದ ಲಾಭವಿಲ್ಲ ಅಂತ ಅಮೆರಿಕದ ನ್ಯುಮೋನಿಯಾ ಮಾರ್ಗಸೂಚಿ 2007ರಲ್ಲೇ ಹೇಳಿತು. ಮನೆಯಲ್ಲಿ ನೋಡಿಕೊಳ್ಳುವವರಿದ್ದು, ಬೇರೆ ತೊಂದರೆ ಇಲ್ಲದಿದ್ದರೆ ಅದೇ ದಿನ ಕಳಿಸಬಹುದು. ಮಗನಿಗೆ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಏಳನೇ ದಿನಕ್ಕೆ ಮುಕ್ತಾಯ. ದಿನಕ್ಕೆರಡು ಸಲ ಥರ್ಮಾಮೀಟರ್ ಇಟ್ಟು ಬರೆದಿಡಿ. ಮತ್ತೆ 100 ದಾಟಿದರೆ, ಉಸಿರೆಳೆದಾಗ ಬಲಗಡೆ ಪಕ್ಕೆ ಚುಚ್ಚಿದರೆ, ಏದುಸಿರು ಬಂದರೆ ಅದೇ ದಿನ ಬನ್ನಿ, ಶ್ವಾಸಕೋಶದ ಸುತ್ತ ಕೀವು ತುಂಬಿರಬಹುದು. ಮಾತ್ರೆ ಮುಗಿದ ಮೇಲೂ ಕೆಮ್ಮು ಎರಡು ವಾರ ಉಳಿದರೆ ಕಫ ತಂದು ಕ್ಷಯದ ಪರೀಕ್ಷೆಗೆ ಕೊಡಿ.

ಮಗ ಚೀಟಿಯನ್ನು ಎರಡು ಸಲ ಓದಿ ಮಡಚಿ ಜೇಬಿಗೆ ಹಾಕಿಕೊಂಡ. ನರ್ಸ್ ಬಂದು ಕ್ಯಾನುಲಾ ತೆಗೆದು, ಹತ್ತಿ ಒತ್ತಿ ಹಿಡಿದುಕೊಳ್ಳಲು ಹೇಳಿದರು.