ಒಬ್ಬರನ್ನೇ ಎರಡು ಸಲ ಎಣಿಸದಿರುವುದು ಹೇಗೆ? ಯೂಟ್ಯೂಬ್ + ಇನ್‌ಸ್ಟಾಗ್ರಾಮ್ ರೀಚ್ ಲೆಕ್ಕ

ಬೆಳಿಗ್ಗೆ ಯೂಟ್ಯೂಬ್‌ನಲ್ಲಿ ಒಂದು ತುಪ್ಪದ ಜಾಹೀರಾತು ನೋಡಿದೆ. ರಾತ್ರಿ ಇನ್‌ಸ್ಟಾಗ್ರಾಮ್‌ನಲ್ಲಿ ಅದೇ ಮತ್ತೆ ಬಂತು. ಯೂಟ್ಯೂಬ್ ತನ್ನ ರೀಚ್‌ನಲ್ಲಿ, ಅಂದರೆ ಜಾಹೀರಾತು ತಲುಪಿದ ಜನರ ಲೆಕ್ಕದಲ್ಲಿ, ನನ್ನನ್ನು ಎಣಿಸುತ್ತದೆ, ಇನ್‌ಸ್ಟಾಗ್ರಾಮ್ ತನ್ನದರಲ್ಲಿ ಎಣಿಸುತ್ತದೆ. ಎರಡನ್ನೂ ಕೂಡಿಸಿದರೆ ನಾನು ಇಬ್ಬರಾಗುತ್ತೇನೆ. ಇಷ್ಟು ಎಲ್ಲರಿಗೂ ಗೊತ್ತು. ಹಾಗಾದರೆ ಕೂಡಿಸಿ ಎಷ್ಟು ಕಳೆಯಬೇಕು? ನಾನು ಒಂದು ವಾರ ಸಿಕ್ಕಿಹಾಕಿಕೊಂಡಿದ್ದು ಅಲ್ಲೇ.

ಒಂದು ಊರಿನಲ್ಲಿ 18ರಿಂದ 44 ವಯಸ್ಸಿನವರು 10 ಲಕ್ಷ ಜನ ಅಂತಿಟ್ಟುಕೊಳ್ಳಿ. ಜಾಹೀರಾತು ಯೂಟ್ಯೂಬ್‌ನಲ್ಲಿ 5 ಲಕ್ಷ ಜನರನ್ನು, ಇನ್‌ಸ್ಟಾಗ್ರಾಮ್‌ನಲ್ಲಿ 4 ಲಕ್ಷ ಜನರನ್ನು ತಲುಪಿದೆ. ಮೊದಲು ಗಡಿ ಹಾಕಿಕೊಳ್ಳಿ. ಇನ್‌ಸ್ಟಾಗ್ರಾಮ್‌ನವರೆಲ್ಲ ಯೂಟ್ಯೂಬ್‌ನಲ್ಲೂ ನೋಡಿದ್ದರೆ ಒಟ್ಟು 5 ಲಕ್ಷ. ಒಬ್ಬರೂ ಎರಡೂ ಕಡೆ ನೋಡಿಲ್ಲದಿದ್ದರೆ 9 ಲಕ್ಷ. ನಿಜವಾದ ಉತ್ತರ ಇವೆರಡರ ನಡುವೆಯೇ ಇರಬೇಕು.

ನಡುವಿನ ಅಂದಾಜಿಗೆ ಮೀಡಿಯಾ ಪ್ಲಾನಿಂಗ್‌ನವರು ಸೇನ್ಸ್‌ಬರಿ ಸೂತ್ರ ಬಳಸುತ್ತಾರೆ:

```
R = 1 - (1 - a)(1 - b)
```

a, b ಅಂದರೆ ಆ 10 ಲಕ್ಷದಲ್ಲಿ ಪ್ರತಿ ಪ್ಲಾಟ್‌ಫಾರ್ಮ್ ತಲುಪಿದ ಪಾಲು: 0.5 ಮತ್ತು 0.4. ಮೂರನೆಯದು ಇದ್ದರೆ (1 - c) ಸೇರಿಸಿ ಗುಣಿಸುತ್ತಾ ಹೋಗಿ. ಇಲ್ಲಿ 0.5 × 0.6 = 0.3, ಅಂದರೆ 3 ಲಕ್ಷ ಜನ ಎಲ್ಲೂ ನೋಡಿಲ್ಲ. ಉಳಿದ 7 ಲಕ್ಷ ನಮ್ಮ ರೀಚ್.

ಈ ಸೂತ್ರಕ್ಕೆ ಎರಡೂ ಪ್ಲಾಟ್‌ಫಾರ್ಮ್ ಪರಸ್ಪರ ಸ್ವತಂತ್ರ ಅಂತ ಒಪ್ಪಿಕೊಳ್ಳಬೇಕು. ನಾನು ಎಡವಿದ್ದು ಈ ಪದದಲ್ಲಿ. ಸ್ವತಂತ್ರ ಅಂದರೆ ನೋಡುಗರು ಬೇರೆ ಬೇರೆ, ಒಬ್ಬರೂ ಎರಡೂ ಕಡೆ ಇಲ್ಲ ಅಂದುಕೊಂಡಿದ್ದೆ. ಹಾಗಿದ್ದರೆ ಉತ್ತರ 9 ಲಕ್ಷ ಆಗಬೇಕಿತ್ತಲ್ವಾ? ಕೊನೆಗೆ ಗ್ರಾಫ್ ಹಾಳೆ ತೆಗೆದು 10 × 10 ಚೌಕ ಹಾಕಿದೆ. ಒಂದೊಂದು ಮನೆ 10 ಸಾವಿರ ಜನ. ಯೂಟ್ಯೂಬ್‌ಗೆ ಐದು ಅಡ್ಡ ಸಾಲಿಗೆ ನೀಲಿ ಬಳಿದೆ, ಇನ್‌ಸ್ಟಾಗ್ರಾಮ್‌ಗೆ ನಾಲ್ಕು ಉದ್ದ ಸಾಲಿಗೆ ಕೆಂಪು. ಎರಡೂ ಬಣ್ಣ ಬಿದ್ದ ಮನೆ 5 × 4 = 20. ಖಾಲಿ ಉಳಿದದ್ದು 30. ಆಗ ಹೊಳೆಯಿತು. ಸ್ವತಂತ್ರ ಅಂದರೆ ಇಷ್ಟೇ: ಯೂಟ್ಯೂಬ್‌ನಲ್ಲಿ ನೋಡಿದವರನ್ನು ತೆಗೆದುಕೊಂಡರೂ, ನೋಡದವರನ್ನು ತೆಗೆದುಕೊಂಡರೂ, ಇಬ್ಬರಲ್ಲೂ ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿದವರು ಅದೇ 40% ಇರುತ್ತಾರೆ. ಹಾಗಾಗಿ 2 ಲಕ್ಷ ಜನ ಎರಡೂ ಕಡೆ ಇದ್ದೇ ಇರುತ್ತಾರೆ.

ಆದರೆ ನಿಜವಾದ ಜನ ಹಾಗೆ ಸಮನಾಗಿ ಹರಡಿರುವುದಿಲ್ಲ. ಫೋನ್ ಕೈಬಿಡದ ಕಾಲೇಜು ಹುಡುಗಿ ಎರಡೂ ಕಡೆ ಸಿಗುತ್ತಾಳೆ, ಇಡೀ ದಿನ ಅಂಗಡಿ ನೋಡಿಕೊಳ್ಳುವವರು ಎಲ್ಲೂ ಸಿಗದಿರಬಹುದು. ಅದಕ್ಕೆ ಹಾಳೆಯನ್ನು ಎರಡು ಭಾಗ ಮಾಡಿ. ಕಿರಿಯರು 5 ಲಕ್ಷ: ಅವರಲ್ಲಿ ಯೂಟ್ಯೂಬ್ 80%, ಇನ್‌ಸ್ಟಾಗ್ರಾಮ್ 70%. ಉಳಿದವರು 5 ಲಕ್ಷ: ಅವರಲ್ಲಿ 20% ಮತ್ತು 10%. ಒಟ್ಟು ಕೂಡಿಸಿ ನೋಡಿ, ಅದೇ 5 ಲಕ್ಷ ಮತ್ತು 4 ಲಕ್ಷವೇ ಬರುತ್ತದೆ. ಈಗ ಪ್ರತಿ ಭಾಗದೊಳಗೆ ಸೂತ್ರ ಹಾಕಿ. ಕಿರಿಯರಲ್ಲಿ ಎರಡೂ ಕಡೆ ನೋಡಿದವರು 0.8 × 0.7, ಅಂದರೆ 2.8 ಲಕ್ಷ. ಉಳಿದವರಲ್ಲಿ 0.2 × 0.1, ಅಂದರೆ 10 ಸಾವಿರ. ಒಟ್ಟು 2.9 ಲಕ್ಷ ಜನ ಎರಡು ಸಲ ಎಣಿಕೆಯಾಗಿದ್ದಾರೆ. ರೀಚ್ 9 − 2.9 = 6.1 ಲಕ್ಷಕ್ಕೆ ಇಳಿಯಿತು. ಪ್ಲಾಟ್‌ಫಾರ್ಮ್ ಕೊಟ್ಟ ಸಂಖ್ಯೆ ಒಂದೂ ಬದಲಾಗಿಲ್ಲ, ಆದರೂ 90 ಸಾವಿರ ಜನ ಕಡಿಮೆಯಾದರು! ಹಾಗಾಗಿ ನನ್ನ ಪ್ರಕಾರ ವಯಸ್ಸಿನ ಗುಂಪುವಾರು ರೀಚ್ ಸಿಗುವಾಗ ಇಡೀ ಊರಿಗೆ ಒಂದೇ ಸಲ ಸೂತ್ರ ಹಾಕಬೇಡಿ. ಸೂತ್ರದ ಉತ್ತರ ನಿಜಕ್ಕಿಂತ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಕಿರಿಯರು ಒಂದರಲ್ಲಿ, ಹಿರಿಯರು ಇನ್ನೊಂದರಲ್ಲಿ ಜಾಸ್ತಿ ಇದ್ದರೆ ನಿಜವಾದ ರೀಚ್ ಸೂತ್ರಕ್ಕಿಂತ ಹೆಚ್ಚೇ ಇರುತ್ತದೆ.

ಇನ್ನು ಲೆಕ್ಕಕ್ಕೆ ಕೊಡುವ ಸಂಖ್ಯೆಯಲ್ಲೇ ಆಗುವ ತಪ್ಪುಗಳು. ದಿನದಿನದ ರೀಚ್ ಕೂಡಿಸಿ ವಾರದ್ದು ಮಾಡಬೇಡಿ, ಅಲ್ಲೂ ಅದೇ ಜನ ಮರಳಿ ಬರುತ್ತಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಒಂದೇ ಕ್ಯಾಂಪೇನ್‌ನಲ್ಲಿದ್ದರೆ ಎರಡು ಸಾಲನ್ನು ಕೂಡಿಸದೆ ಕ್ಯಾಂಪೇನ್‌ನ ಒಟ್ಟು ರೀಚ್ ತೆಗೆದುಕೊಳ್ಳಿ. Accounts Center ಮೂಲಕ ಜೋಡಿಸಿದ ಖಾತೆಗಳನ್ನು ಮೆಟಾ ಅಲ್ಲಿ ಒಂದೇ ಅಂತ ಎಣಿಸಿರುತ್ತದೆ. ಪಾಲು ತೆಗೆಯುವಾಗ ಊರು, ವಯಸ್ಸು ಎರಡೂ ಕಡೆ ಒಂದೇ ಇರಬೇಕು. ಯಾವುದಾದರೂ ಪಾಲು 1 ದಾಟಿದರೆ ಹೊರಗಿನವರು ಸೇರಿದ್ದಾರೆ, ಇಲ್ಲವೇ ಒಬ್ಬರದೇ ಎರಡು ಮೂರು ಖಾತೆ ಲೆಕ್ಕಕ್ಕೆ ಬಂದಿದೆ ಅಂತ ಗೊತ್ತಾಗುತ್ತದೆ. ಮನೆಯ ಒಂದೇ ಫೋನ್‌ನಲ್ಲಿ ಅಮ್ಮ, ಮಗ ಇಬ್ಬರೂ ನೋಡಿದರೆ ತಪ್ಪು ಉಲ್ಟಾ ಆಗುತ್ತದೆ, ಇಬ್ಬರು ಒಬ್ಬರಾಗುತ್ತಾರೆ. ಇದನ್ನು ಯಾವ ಸೂತ್ರವೂ ಸರಿಮಾಡುವುದಿಲ್ಲ.

ಎರಡೂ ಕಡೆ ನೋಡಿದವರು ನಿಜವಾಗಿ ಎಷ್ಟು ಅಂತ ತಿಳಿಯಬೇಕಾದರೆ ಜನರನ್ನೇ ಕೇಳಬೇಕು. ಆ ಊರಿನವರಲ್ಲಿ ಒಂದು 400 ಜನರನ್ನು ಆರಿಸಿ "ಎಲ್ಲೆಲ್ಲಿ ನೋಡಿದ್ರಿ?" ಅಂತ ಕೇಳಿ. ಸೂತ್ರದ ಪ್ರಕಾರ 80 ಜನ ಎರಡೂ ಕಡೆ ಅನ್ನಬೇಕು. 116 ಜನ ಅಂದರೆ 116 ÷ 80 = 1.45. ಅದೇ ಊರು, ಅದೇ ಜೋಡಿ ಮತ್ತೆ ಬಂದಾಗ ಸೂತ್ರದ ಪ್ರಕಾರ ಎರಡೂ ಕಡೆ ನೋಡಿದವರ ಸಂಖ್ಯೆಯನ್ನು ಈ 1.45ರಿಂದ ಗುಣಿಸಿ, ಆಮೇಲೆ ಎರಡರ ಮೊತ್ತದಿಂದ ಕಳೆಯಿರಿ. ಬಂದ ಉತ್ತರ ಮೊದಲು ಹಾಕಿಕೊಂಡ ಗಡಿಯೊಳಗೇ ಇದೆಯಾ ಅಂತ ಮತ್ತೊಮ್ಮೆ ನೋಡಿಕೊಳ್ಳಿ.